ಜಾಮೀನು ಆಗೂದಿಲ್ಲ ಅಣ್ಣಾ: ವಾಟ್ಸಾಪಿನಲ್ಲಿ ಇಲ್ಲ ಅನ್ನುವ ಕ್ರಮ

ಬನಹಟ್ಟಿಯಿಂದ ದೊಡ್ಡಪ್ಪನ ಮಗ ಒಂದು ರಾತ್ರಿ 9:40ಕ್ಕೆ ಹಾಕಿದ ಮೆಸೇಜು ಇದು:

"ತಮ್ಮಾ, ಊಟ ಆತೇನು? ಸೊಸೈಟ್ಯಾಗ 3 ಲಕ್ಷ ಸಾಲ ಮಾಡಾಕತ್ತೀನಿ. ಎರಡು ಹೊಸಾ ಮಗ್ಗ ಕುಂದ್ರಸಬೇಕು. ನಿಂದೊಂದು ಜಾಮೀನು ಬೇಕಪಾ. ಪಗಾರ ಸ್ಲಿಪ್ ಕಳಸು 🙏"

ನಾನು ಬೆಳಗಾವಿಯಲ್ಲಿ ಸರ್ಕಾರಿ ನೌಕರ. ನಮ್ಮ ಕಡೆ ಸೊಸೈಟಿ ಸಾಲಕ್ಕೆ ಸರ್ಕಾರಿ ಪಗಾರದವನ ಸಹಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಹಾಗಾಗಿ ಬಳಗದಲ್ಲಿ ಯಾರು ಸಾಲ ಮಾಡಿದರೂ ಮೊದಲು ನೆನಪಾಗುವುದು ನಾನು. ಆದರೆ ನಾನು ಅದಾಗಲೇ ಒಬ್ಬರ ಸಾಲಕ್ಕೆ ಜಾಮೀನು ನಿಂತಿದ್ದೆ. ಇನ್ನೊಂದಕ್ಕೆ ಇಲ್ಲ ಅನ್ನಲೇಬೇಕಿತ್ತು. ಅಂದೆ ಕೂಡ. ಆದರೆ ಆ ಒಂದು ಮಾತು ಅಣ್ಣನಿಗೆ ತಲುಪಲು ನಾಲ್ಕು ದಿನ ಹಿಡಿಯಿತು. ಅಷ್ಟರೊಳಗೆ ನೀಲಿ ಟಿಕ್ಕು ಒಂದು ಕಥೆ ಹೇಳಿತ್ತು, ಎಮೋಜಿ ಇನ್ನೊಂದು, ವಾಯ್ಸ್ ನೋಟು ಮತ್ತೊಂದು. ಅವೇ ಮೂರು ತಪ್ಪುಗಳನ್ನು ಹಿಡಿದುಕೊಂಡು, ಅಂಥ ಮೆಸೇಜು ಬಂದರೆ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ಅಣ್ಣ ಎದುರಿಗೆ ಕೂತು ಕೇಳಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಚಹಾ ಕಪ್ಪು ಕೆಳಗಿಟ್ಟು, "ಹೂಂ..." ಅಂತ ಎಳೆದು, "ನೋಡೂಣು ತಗೋ" ಅಂದಿದ್ದರೆ ಸಾಕಿತ್ತು. ನಮ್ಮಲ್ಲಿ "ನೋಡೂಣು ತಗೋ" ಅಂದರೆ ಆಗೂದಿಲ್ಲ ಅಂತಲೇ ಅರ್ಥ, ಅದು ಎಲ್ಲರಿಗೂ ಗೊತ್ತು. ಆದರೆ ಆ ಅರ್ಥ ಅಕ್ಷರದಲ್ಲಿಲ್ಲ. ಎಳೆದ ದನಿಯಲ್ಲಿದೆ, ಅದಕ್ಕಿಂತ ಮೊದಲಿನ ಅರೆಗಳಿಗೆ ಮೌನದಲ್ಲಿದೆ. ಜನ ಎದುರೆದುರು ಮಾತಾಡುವಾಗ ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅಂತ 2009ರಲ್ಲಿ ಹತ್ತು ಭಾಷೆಗಳಲ್ಲಿ ಅಳೆದು ನೋಡಿದ್ದರು. ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗ. ಹೌದು ಅನ್ನುವ ಉತ್ತರ ಬೇಗ ಬರುತ್ತದೆ, ಅಲ್ಲ ಅನ್ನುವುದು ಸಾಮಾನ್ಯವಾಗಿ ಸ್ವಲ್ಪ ತಡವಾಗಿ. ಕೇಳಿದವನಿಗೆ ಆ ಚೂರು ತಡದಲ್ಲೇ ಸುಳಿವು ಸಿಕ್ಕಿಬಿಡುತ್ತದೆ. ಅವನೇ "ಇರ್ಲಿ ಬಿಡು, ನಿನಗ ತ್ರಾಸಾದ್ರ ಬ್ಯಾಡ" ಅಂತ ದಾರಿ ಬಿಡುತ್ತಾನೆ.

ವಾಟ್ಸಾಪಿನಲ್ಲೂ ತಡ ಇದೆ, ದನಿ ಇದೆ, ಮುಖವೂ ಇದೆ. ಆದರೆ ಅವು ಹೇಳುವುದು ಬೇರೆ.

ಚಾಟ್ ತೆರೆಯುವ ಮೊದಲು

ಒಂದು ಬೂದು ಟಿಕ್ಕು ಅಂದರೆ ಮೆಸೇಜು ಹೊರಟಿದೆ. ಎರಡು ಬೂದು ಅಂದರೆ ನಿಮ್ಮ ಫೋನಿಗೆ ಬಂದಿದೆ. ಎರಡೂ ನೀಲಿಯಾದರೆ ನೀವು ಆ ಚಾಟ್ ತೆರೆದಿದ್ದೀರಿ. ಈ ನೀಲಿ ಬಂದದ್ದು 2014ರ ನವೆಂಬರಿನಲ್ಲಿ. ಅದಕ್ಕೂ ಮೊದಲು "ನೋಡಿಲ್ಲ ಬಿಡು, ಕೆಲಸದಾಗ ಇದ್ದಾನು" ಅಂತ ಅಂದುಕೊಳ್ಳಲು ಜಾಗವಿತ್ತು.

ನಾನು 9:41ಕ್ಕೇ ಚಾಟ್ ತೆರೆದೆ. ಓದಿದೆ. ಎದೆ ಧಸಕ್ ಅಂತು. ಏನು ಬರೆಯಲಿ ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಆ ಕಡೆ ಅಣ್ಣನಿಗೆ ಮೇಲ್ಗಡೆ "typing…" ಅಂತ ಕಂಡು ಮಾಯವಾಗಿರಬೇಕು, ಮತ್ತೆ ಕಂಡಿರಬೇಕು. ಆಮೇಲೆ ಫೋನ್ ಮಗುಚಿಟ್ಟು ಮಲಗಿದೆ. ನನ್ನ ಲೆಕ್ಕದಲ್ಲಿ ಅದು ಯೋಚನೆಗೆ ತೆಗೆದುಕೊಂಡ ಸಮಯ. ಎದುರಿಗಿದ್ದಿದ್ದರೆ ಅದನ್ನೇ "ಹೂಂ..." ಅಂತ ಎಳೆಯುತ್ತಿದ್ದೆ. ಅಣ್ಣನ ಫೋನಿನಲ್ಲಿ ಅದು ಬೇರೆಯಾಗಿ ಕಂಡಿತು: ಓದಿದ್ದಾನೆ, ಬರೆಯಲು ಹೋಗಿ ಬಿಟ್ಟಿದ್ದಾನೆ, ರಾತ್ರಿಯೆಲ್ಲ ಉತ್ತರವಿಲ್ಲ. ಸಂಕೋಚ ತಿರಸ್ಕಾರವಾಯಿತು.

ಹಾಗಾಗಿ ಮೊದಲ ಹೆಜ್ಜೆ ಇಷ್ಟೇ. ನೋಟಿಫಿಕೇಶನ್ ಪಟ್ಟಿಯಲ್ಲಿ ಮೇಲಿಂದ ಕಾಣುವಷ್ಟು ಓದಿದರೆ ನೀಲಿ ಆಗುವುದಿಲ್ಲ. ಹಣ, ಜಾಮೀನು, ಸಂಬಂಧ, ಇಂಥ ವಿಷಯ ಅಂತ ಸುಳಿವು ಸಿಕ್ಕರೆ ಚಾಟ್ ತೆರೆಯಬೇಡಿ. ಉತ್ತರ ತಲೆಯಲ್ಲಿ ಸಿದ್ಧವಾದ ಮೇಲೆ ತೆರೆಯಿರಿ. ಬೇಕಾದರೆ ಉತ್ತರವನ್ನು ಬೇರೆ ಕಡೆ, ಫೋನಿನ ನೋಟ್ಸಿನಲ್ಲಿ, ಬರೆದಿಟ್ಟುಕೊಂಡು ಅಂಟಿಸಿ. ಎರಡು ಬೂದು ಟಿಕ್ಕಿನ ಮೇಲೆ ಮೂರು ತಾಸು ಹೋದರೆ ಯಾರೂ ಬೇಜಾರಾಗುವುದಿಲ್ಲ. ನೀಲಿಯ ಮೇಲೆ ಮೂರು ತಾಸು ಹೋದರೆ ಆಗುತ್ತಾರೆ.

ತೆರೆದುಬಿಟ್ಟಿರಾ? ಆಗ "ಅನ್‌ರೀಡ್ ಮಾರ್ಕ್" ಮಾಡಿ ಪ್ರಯೋಜನ ಇಲ್ಲ. ಅದು ನಿಮ್ಮ ಪಟ್ಟಿಯಲ್ಲಿ ಮಾತ್ರ ಚುಕ್ಕಿ ಇಡುತ್ತದೆ, ಅವರ ಕಡೆ ನೀಲಿ ನೀಲಿಯೇ. ಒಂದು ಸಾಲು ಬರೆಯಿರಿ: "ಅಣ್ಣಾ, ನೋಡ್ದೆ. ನಾಳೆ ಮಧ್ಯಾಹ್ನದೊಳಗ ಹೇಳ್ತೀನಿ." ಹೊತ್ತು ಹೇಳಿದ ಮೇಲೆ ಅದೇ ತಡ ಮರ್ಯಾದೆಯ ತಡ ಆಗುತ್ತದೆ. ಆದರೆ ಹೇಳಿದ ಹೊತ್ತು ಮೀರಬಾರದು.

ಟಿಕ್ಕನ್ನೇ ಬಂದ್ ಮಾಡಿಬಿಟ್ಟರೆ? ಸೆಟ್ಟಿಂಗ್ಸಿನಲ್ಲಿ ಪ್ರೈವಸಿ ಒಳಗೆ ರೀಡ್ ರಿಸೀಟ್ಸ್ ಅಂತ ಇದೆ, ತೆಗೆದುಹಾಕಬಹುದು. ನನ್ನ ಗೆಳೆಯ ಒಬ್ಬ ಹಾಗೇ ಇಟ್ಟಿದ್ದಾನೆ. ಆದರೆ ಆಗ ಬೇರೆಯವರು ಓದಿದರೋ ಇಲ್ಲವೋ ನಿಮಗೂ ಕಾಣುವುದಿಲ್ಲ. ಗ್ರೂಪಿನಲ್ಲಿ ಅದು ನಡೆಯುವುದೇ ಇಲ್ಲ, ಯಾರು ಓದಿದರು ಅನ್ನುವುದು ಕಾಣುತ್ತಲೇ ಇರುತ್ತದೆ. ಮತ್ತೆ ವಾಯ್ಸ್ ನೋಟು ಕೇಳಿದ್ದು ಮುಚ್ಚಿಡಲು ಬರುವುದಿಲ್ಲ. ಅಣ್ಣ ಬರೆಯುವ ಬದಲು ದನಿಯಲ್ಲಿ ಕೇಳಿದ್ದರೆ, ನಾನು ಪ್ಲೇ ಒತ್ತಿದ ಕೂಡಲೇ ಅವನ ಕಡೆ ಮೈಕ್ ನೀಲಿಯಾಗುತ್ತಿತ್ತು, ಸೆಟ್ಟಿಂಗ್ ಏನೇ ಇರಲಿ. ಬಂದ್ ಮಾಡುವುದರಿಂದ ಅನುಮಾನ ಕಡಿಮೆ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. "ಆನ್‌ಲೈನ್ ಅದಾನ, ಟಿಕ್ ಮಾತ್ರ ಬೂದು" ಅಂತ ಶುರುವಾಗುತ್ತದೆ.

ಬೆರಳು ರಿಯಾಕ್ಷನ್ ಮೇಲೆ ಹೋಗದಿರಲಿ

ಮರುದಿನ ಬೆಳಿಗ್ಗೆ ಅಣ್ಣನಿಂದ ಒಂದೇ ಶಬ್ದ: "ತಮ್ಮಾ?" ನಾನು ಆಫೀಸಿಗೆ ಹೊರಟಿದ್ದೆ. ಸಿಟಿ ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಹಿಂದಿನ ರಾತ್ರಿಯ ಮೆಸೇಜಿನ ಮೇಲೆ ಬೆರಳಿಟ್ಟು ಒತ್ತಿದೆ, ಸಾಲಿನಲ್ಲಿ ಮೊದಲಿಗಿದ್ದ 👍 ಒತ್ತಿಬಿಟ್ಟೆ. ನನ್ನ ಮನಸ್ಸಿನಲ್ಲಿ "ನೋಡಿದೀನಿ, ಹೇಳ್ತೀನಿ" ಅಂತ. "ಪಗಾರ ಸ್ಲಿಪ್ ಕಳಸು" ಅನ್ನುವ ಮಾತಿನ ಕೆಳಗೆ 👍 ಕೂತರೆ ಏನರ್ಥ? ಕಳಿಸುತ್ತೇನೆ ಅಂತ. ಅಣ್ಣ ಹನ್ನೊಂದು ಗಂಟೆಗೆ ಸೊಸೈಟಿಗೆ ಹೋಗಿ "ಜಾಮೀನಿಗೆ ನಮ್ಮ ತಮ್ಮ ಅದಾನ್ರಿ" ಅಂತ ಹೇಳಿ ಬಂದಿದ್ದ.

ಏನಾದರೂ ಕೇಳಿದ ಮೆಸೇಜಿಗೆ ರಿಯಾಕ್ಷನ್ ಹಾಕಿದರೆ ಅದು ಉತ್ತರವಾಗುತ್ತದೆ, ಅದೂ ಹೆಚ್ಚಾಗಿ ಹೌದು ಅನ್ನುವ ಉತ್ತರ. 👍 ಅಂತೂ ಒಪ್ಪಿಗೆಯೇ. 🙏 ಹಾಕಿದರೆ ಆಯ್ತು ಅಣ್ಣಾ, ನಿನ್ನ ಮಾತು ತಲೆ ಮೇಲೆ ಅಂದ ಹಾಗೆ. 😢 ಹಾಕಿದರೆ ಅವನ ಕಷ್ಟಕ್ಕೆ ಮರುಗಿದ ಹಾಗೆ, ಅಂದರೆ ಸಹಾಯಕ್ಕೆ ಬರುವವನ ಹಾಗೆ. ಕೂಡಲೇ ತೆಗೆದುಹಾಕಬಹುದು ನಿಜ. ಆದರೆ ಅವನು ಅಷ್ಟರಲ್ಲಿ ನೋಡಿರುತ್ತಾನೆ. ನೋಡಿದ ಮೇಲೆ ತೆಗೆದರೆ, ಕೊಟ್ಟ ಮಾತನ್ನು ಹಿಂದೆ ತೆಗೆದುಕೊಂಡ ಹಾಗೆ. ಅದು ಇಲ್ಲ ಅನ್ನುವುದಕ್ಕಿಂತ ಕೆಟ್ಟದ್ದು.

ಇಲ್ಲ ಅನ್ನುವುದನ್ನು ಅಕ್ಷರದಲ್ಲಿ ಬರೆಯಿರಿ

ಜಾಮೀನಿನ ವಿಷಯದಲ್ಲಿ ಅರೆಬರೆ ಮಾತು ಯಾಕೆ ಬೇಡ ಅಂದರೆ, ಅದು ಸುಮ್ನೆ ಒಂದು ಸಹಿ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಸಾಲ ಮಾಡಿದವನು ಎಷ್ಟಕ್ಕೆ ಹೊಣೆಯೋ ಜಾಮೀನು ನಿಂತವನೂ ಅಷ್ಟಕ್ಕೇ ಹೊಣೆ. 3 ಲಕ್ಷಕ್ಕೆ ಸಹಿ ಹಾಕಿದರೆ ಆ 3 ಲಕ್ಷ ಮತ್ತು ಬಡ್ಡಿ ನನ್ನ ತಲೆಯ ಮೇಲೂ ಇರುತ್ತದೆ. ಇಂಥ ಕಡೆ "ನೋಡೂಣು" ಅಂತ ಬರೆದರೆ ಅಣ್ಣ ಅದನ್ನು ಅಕ್ಷರದಲ್ಲಿ ಇದ್ದ ಹಾಗೇ ಓದುತ್ತಾನೆ: ನೋಡುತ್ತಾನಂತೆ, ಆಗಬಹುದು. ಎಳೆದ ದನಿ ಅಕ್ಷರಕ್ಕೆ ಬರುವುದಿಲ್ಲ.

ನಾನು ಕೊನೆಗೆ ಬರೆದದ್ದು, ಮೊದಲ ರಾತ್ರಿಯೇ ಬರೆಯಬೇಕಿದ್ದದ್ದು, ಇದು:

"ಅಣ್ಣಾ, ಮೆಸೇಜ್ ನೋಡ್ದೆ. ಜಾಮೀನು ನನ್ನ ಕಡಿಂದ ಆಗೂದಿಲ್ಲ. ಮೊದಲ ಒಂದು ಜಾಮೀನದಾಗ ಅದೀನಿ, ಇನ್ನೊಂದಕ್ಕ ಸಹಿ ಹಾಕೂದಿಲ್ಲ ಅಂತ ಮನ್ಯಾಗ ಮಾತಾಗೇತಿ. ನೀ ಬ್ಯಾರೆಯವರನ್ನ ಕೇಳಾಕ ತಡಾ ಆಗಬಾರದು ಅಂತ ಈಗ ಹೇಳಾಕತ್ತೀನಿ. ಸಂಜಿಕೆ ಫೋನ್ ಮಾಡ್ತೀನಿ."

ಇದರಲ್ಲಿ ಗಮನಿಸಬೇಕಾದದ್ದು ಜಾಗ. "ಆಗೂದಿಲ್ಲ" ಎರಡನೇ ಸಾಲಿಗೇ ಬಂದಿದೆ, ನೋಟಿಫಿಕೇಶನ್ನಿನಲ್ಲಿ ಇಣುಕಿದರೂ ಕಾಣುವ ಹಾಗೆ. ಕಾರಣ ಒಂದೇ. ಎರಡು ಕಾರಣ ಕೊಟ್ಟರೆ ಒಂದು ನೆಪದ ಹಾಗೆ ಕಾಣುತ್ತದೆ. ಆ ಒಂದೂ ಚೌಕಾಸಿಗೆ ಸಿಗದಂಥದ್ದು. "ಈ ತಿಂಗಳ ತ್ರಾಸ ಐತಿ" ಅಂದಿದ್ದರೆ "ಮುಂದಿನ ತಿಂಗಳ ಹಾಕು, ಸೊಸೈಟಿಯವರಿಗೆ ಹೇಳ್ತೀನಿ" ಅನ್ನುತ್ತಿದ್ದ. ಮನೆಯಲ್ಲಿ ಮಾತಾಗಿದೆ ಅಂತ ಬರೆದದ್ದು ಸುಳ್ಳಲ್ಲ, ನನ್ನ ಹೆಂಡತಿಗೆ ಮಾತು ಕೊಟ್ಟಿದ್ದೆ. ಸುಳ್ಳಾಗಿದ್ದರೆ ಬರೆಯುತ್ತಿರಲಿಲ್ಲ, ಯಾಕೆಂದರೆ ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಹೆಂಡತಿಗೆ ಫೋನ್ ಮಾಡೇ ಮಾಡುತ್ತಾಳೆ.

ಈ ಐದು ಸಾಲಿನಲ್ಲಿ ಎಮೋಜಿ ಎಲ್ಲೂ ಇಲ್ಲ ಅಲ್ವಾ? ಮೊದಲು "ಆಗೂದಿಲ್ಲ ಅಣ್ಣಾ 😅" ಅಂತ ಬರೆದಿದ್ದೆ. ಹೆಂಡತಿ ನೋಡಿ "ನಗಾಕತ್ತೀರೇನು ಅವರ ಸಾಲಕ್ಕ?" ಅಂದಳು. ನನಗೆ ಅದು ಮುಜುಗರದ ಬೆವರು. ಅವಳಿಗೆ ಮೊದಲು ಕಂಡದ್ದು ಹಲ್ಲು. ಆರು ಮಿಲಿಮೀಟರಿನ ಮುಖದಲ್ಲಿ ಬೆವರಹನಿ ಯಾರಿಗೆ ಕಾಣಬೇಕು? ಅಣ್ಣನ ಫೋನು ಬೇರೆ ಕಂಪನಿಯದು. ಎಮೋಜಿಗೆ ಸಂಕೇತ ಸಂಖ್ಯೆ ಒಂದೇ ಇದ್ದರೂ ಚಿತ್ರ ಬರೆಯುವುದು ಒಂದೊಂದು ಕಂಪನಿಯೂ ತನ್ನ ಹಾಗೆ. ನಾನು ಕಳಿಸಿದ ಮುಖವೇ ಅಲ್ಲಿ ಕಾಣುತ್ತದೆ ಅಂತ ಹೇಳಲಾಗದು. 😔 ಹಾಕಿದರೆ ಇನ್ನೊಂದು ತೊಂದರೆ: ಇವನಿಗೂ ಮನಸ್ಸಿದೆ, ಇನ್ನೂ ಸ್ವಲ್ಪ ಒತ್ತಿದರೆ ಒಪ್ಪುತ್ತಾನೆ ಅನ್ನಿಸುತ್ತದೆ.

🙏 ಮಾತ್ರ ಬೇರೆ ಜಾತಿಯದು, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಎಮೋಜಿಗಳು ಹುಟ್ಟಿದ್ದು ಜಪಾನಿನ ಫೋನುಗಳಲ್ಲಿ. ಅಲ್ಲಿ ಈ ಕೈ "ದಯವಿಟ್ಟು" ಮತ್ತು "ಧನ್ಯವಾದ" ಎರಡಕ್ಕೂ ನಡೆಯುತ್ತದೆ. ನಮ್ಮ ಕೈಗೆ ಬಂದ ಮೇಲೆ ಅದಕ್ಕೆ ಇನ್ನಷ್ಟು ಕೆಲಸ ಬಿತ್ತು. ಮೆಸೇಜಿನ ಮೊದಲಿಗೆ ಬಂದರೆ ನಮಸ್ಕಾರ. ಕೇಳಿಕೆಯ ಕೊನೆಗೆ ಬಂದರೆ, ಅಣ್ಣ ಹಾಕಿದ ಹಾಗೆ, ಬೇಡಿಕೆ. ಯಾರೋ ತೀರಿಕೊಂಡ ಸುದ್ದಿಯ ಕೆಳಗೆ ಬಂದರೆ ಶ್ರದ್ಧಾಂಜಲಿ. ಮತ್ತೆ ಇಲ್ಲ ಅಂದಮೇಲೆ ಒಂದೇ ಒಂದು ಬಂದರೆ "ತಪ್ಪು ತಿಳಿಬ್ಯಾಡ" ಅಂತ. ಆದರೆ ಅದೇ ಮೂರು ಸಲ ಬಂದರೆ, 🙏🙏🙏, ಏನಾಗುತ್ತದೆ? "ಕೈ ಮುಗೀತೀನಿ, ಬಿಡಪಾ ನನ್ನ" ಅಂತ. ಕಾಟ ಕೊಡುವವನಿಗೆ ಹೇಳುವ ಮಾತು ಅದು. ಅಕ್ಷರವೇ ಇಲ್ಲದೆ ಬರೀ 🙏 ಹೋದರಂತೂ ಬಾಗಿಲು ಹಾಕಿದ ಹಾಗೆ. ಹಾಗಾಗಿ ಹಾಕುವುದಾದರೆ ಒಂದೇ ಇರಲಿ, "ಆಗೂದಿಲ್ಲ" ಪಕ್ಕದಲ್ಲಿ ಬೇಡ, ಕೊನೆಯ ಸಾಲಿನ ತುದಿಗೆ ಇರಲಿ. ಮಾವ, ಕಾಕಾ ಅಂಥ ಹಿರಿಯರಿಗೆ, "ರೀ" ಹಚ್ಚಿ ಮಾತಾಡುವವರಿಗೆ, ಆ ಒಂದು 🙏 ಇದ್ದರೆ ಒಳ್ಳೆಯದೇ. ಅಣ್ಣನಿಗೆ ಹಾಕಿದರೆ ದೂರದವನ ಹಾಗೆ ಕಾಣುತ್ತಿತ್ತು, ಹಾಕಲಿಲ್ಲ.

ಕಳಿಸಿದ ಮೇಲೆ ಶಬ್ದ ತಪ್ಪಿದೆ ಅನ್ನಿಸಿದರೆ 15 ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ್ದು ಅಂತ ಗುರುತು ಬೀಳುತ್ತದೆ. ಅಳಿಸಿದರೂ ಅಳಿಸಿದ್ದಾರೆ ಅಂತ ಗುರುತು ಉಳಿಯುತ್ತದೆ. ಇಲ್ಲ ಅಂದ ಮೆಸೇಜು ಅಳಿಸಿದರೆ ಮನಸ್ಸು ಬದಲಾಯಿತು ಅಂತಲೇ ತಿಳಿಯುತ್ತಾರೆ. ಒಂದು ಸಲ ಓದಿ ಕಳಿಸಿ, ಆಮೇಲೆ ಮುಟ್ಟಬೇಡಿ.

ವಾಯ್ಸ್ ನೋಟು ಎರಡನೆಯದಾಗಿ ಹೋಗಲಿ

ಮೂರನೇ ದಿನ ನಾನು ಮಾಡಿದ್ದು ಉಲ್ಟಾ. ಬರೆದರೆ ಒರಟಾಗುತ್ತದೆ ಅಂತ ದನಿಯಲ್ಲೇ ಹೇಳಲು ಕೂತೆ. 2 ನಿಮಿಷ 50 ಸೆಕೆಂಡು. ಮೊದಲು ಮಳೆ ವಿಷಯ, ಆಮೇಲೆ ಮಕ್ಕಳ ಶಾಲೆ, ಆಮೇಲೆ "ನನಗೂ ಮಾಡಬೇಕಂತ ಮನಸೈತಿ ಅಣ್ಣಾ, ಆದ್ರ..." ಅಂತ. ನಡುವೆ ಕುಕ್ಕರ್ ಎರಡು ಸೀಟಿ ಹೊಡೆಯಿತು. ಆಗೂದಿಲ್ಲ ಅನ್ನುವ ಮಾತು ಬಂದದ್ದು ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ. ಸ್ವಲ್ಪ ಹೊತ್ತಿಗೆ ಮೈಕ್ ನೀಲಿಯಾಯಿತು. ಮುಗೀತು ಅಂದುಕೊಂಡು ನಿಟ್ಟುಸಿರು ಬಿಟ್ಟೆ.

ನೀಲಿ ಮೈಕ್ ಅಂದರೆ ಪ್ಲೇ ಒತ್ತಿದ್ದಾರೆ ಅಂತ ಅಷ್ಟೇ. ಕೊನೆತನಕ ಕೇಳಿದ್ದಾರೆ ಅಂತ ಅಲ್ಲ. ಅಣ್ಣ ಮಗ್ಗದ ಶೆಡ್ಡಿನಲ್ಲಿದ್ದ. ಪವರ್‌ಲೂಮ್ ಓಡುವ ಕಡೆ ಪಕ್ಕದವನ ಮಾತೇ ಕೇಳುವುದಿಲ್ಲ. ಕಿವಿಗೆ ಹಿಡಿದು, "ಮನಸೈತಿ" ಅನ್ನುವ ತನಕ ಕೇಳಿ, "ಆತು ಹಂಗಾದ್ರ" ಅಂತ ಜೇಬಿಗೆ ಹಾಕಿದ್ದಾನೆ. ಬರೆದ ಮೆಸೇಜನ್ನು ಕಣ್ಣು ಒಂದೇ ಏಟಿಗೆ ಮೇಲಿಂದ ಕೆಳಗೆ ನೋಡುತ್ತದೆ. ದನಿಯಲ್ಲಿ ಹಾಗೆ ಹಾರಿಸಿ ನೋಡಲು ಬರುವುದಿಲ್ಲ, ಸಾಲಾಗಿ ಕೇಳಲೇಬೇಕು. ಅದಕ್ಕೇ ಮುಖ್ಯ ಮಾತನ್ನು ಅದರೊಳಗೆ ಹೂತಿಡಬಾರದು.

ಆದರೆ ಬರೆದ ಐದು ಸಾಲು ತಲುಪಿದ ಮೇಲೆ ವಾಯ್ಸ್ ನೋಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ. "ಅಣ್ಣಾ" ಅನ್ನುವುದನ್ನು ಎಷ್ಟು ಎಳೆಯುತ್ತೀರಿ ಅನ್ನುವುದರಲ್ಲೇ ಅರ್ಧ ಸಿಟ್ಟು ಇಳಿಯುತ್ತದೆ. ಅದು ಅಕ್ಷರದಲ್ಲಿ ಬರುವುದಿಲ್ಲ, ಎಮೋಜಿಯಲ್ಲೂ ಇಲ್ಲ. ಮಾಡುವ ಕ್ರಮ ಹೀಗೆ. ಮೈಕ್ ಒತ್ತಿ ಹಿಡಿದು ಬೆರಳನ್ನು ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಕೈ ಬಿಡಬಹುದು. ಮಾತಾಡಿ, ನಿಲ್ಲಿಸಿ, ಕಳಿಸುವ ಮೊದಲು ಒಂದು ಸಲ ನೀವೇ ಕೇಳಿ. ಕೇಳುವಾಗ ನೋಡಬೇಕಾದದ್ದು ಎರಡೇ. ಹಿಂದೆ ಟಿವಿಯೋ ನಗುವೋ ಇದೆಯಾ? ಸಾಲ ಕೇಳಿದವನಿಗೆ ನಿಮ್ಮ ಮನೆಯ ನಗು ಕೇಳಬಾರದು. ಇನ್ನೊಂದು, ನಡುವಿನ ಮೌನ. ಎದುರಿಗೆ ಎರಡು ಸೆಕೆಂಡು ಸುಮ್ಮನಿದ್ದರೆ ಸಂಕೋಚ ಅನ್ನಿಸುತ್ತದೆ. ರೆಕಾರ್ಡಿನಲ್ಲಿ ಅದು ಸುಳ್ಳು ಹುಡುಕುತ್ತಿದ್ದಾನೆ ಅನ್ನುವ ಹಾಗೆ ಕೇಳಿಸುತ್ತದೆ.

ಅಳತೆ ಅರ್ಧ ನಿಮಿಷ ಸಾಕು. ನಾನು ಹೇಳಿದ್ದು ಇಷ್ಟು: "ಅಣ್ಣಾ, ಬರದದ್ದು ಓದಿದಿ ಅಲ್ಲ? ಸಿಟ್ಟ್ ಮಾಡ್ಕೋಬ್ಯಾಡ. ಮೊನ್ನೆ ಹೆಬ್ಬೆಟ್ಟ ಒತ್ತಿದ್ದು ನನ್ನ ತಪ್ಪ, ನೋಡೀನಿ ಅಂತ ಒತ್ತಿದ್ದೆ, ನಿನಗ ಸೊಸೈಟ್ಯಾಗ ಮಾತು ಬರೂ ಹಂಗಾತು. ಬೇಕಾದ್ರ ನಾನs ಅವರಿಗೆ ಫೋನ್ ಹಚ್ಚಿ ಹೇಳ್ತೀನಿ. ವೈನಿ ಹೆಂಗದಾಳ?" ಇದರಲ್ಲಿ ಹೊಸ ಕಾರಣ ಇಲ್ಲ. ಮತ್ತೆ ಕಾರಣ ಹೇಳಲು ಹೋದರೆ ವಾದ ಶುರುವಾಗುತ್ತದೆ. ನೋವಾದ ಜಾಗವನ್ನಷ್ಟೇ ಮುಟ್ಟಬೇಕು. ಇಲ್ಲಿ ನೋವಾದದ್ದು ಜಾಮೀನು ಸಿಗದೆ ಇದ್ದದ್ದಕ್ಕಿಂತ, ಸೊಸೈಟಿಯವರ ಮುಂದೆ ಆಡಿದ ಮಾತು ಬಿದ್ದುಹೋದದ್ದು.

ಇನ್ನೊಂದು ಎಚ್ಚರ. ವಾಯ್ಸ್ ನೋಟು ಒಬ್ಬರಿಗೇ ಅಂತ ಕಳಿಸಿದರೂ ಸ್ಪೀಕರಿನಲ್ಲಿ ನಾಲ್ಕು ಜನ ಕೇಳುತ್ತಾರೆ, ಮುಂದಕ್ಕೆ ಕಳಿಸುತ್ತಾರೆ. ನನ್ನ ಕುಕ್ಕರ್ ಸೀಟಿಯ ನೋಟು ಜಮಖಂಡಿಯ ಅಕ್ಕನ ತನಕ ಹೋಗಿತ್ತು. ಬೇರೆಯವರ ಹೆಸರು, ಅವರ ಸಾಲದ ಲೆಕ್ಕ ಅದರಲ್ಲಿ ಇರಬಾರದು. ನೀವು ಮೊದಲು ಜಾಮೀನು ನಿಂತದ್ದು ಯಾರಿಗೆ ಅನ್ನುವುದಂತೂ ಬೇಡವೇ ಬೇಡ.

ಗ್ರೂಪಿನಲ್ಲಿ ಕೇಳಿದರೆ

ಗ್ರೂಪಿನಲ್ಲಿ ಉತ್ತರ ಬೇಡ. ಕೇಳಿದವರಿಗೆ ನೇರ ಮೆಸೇಜು ಮಾಡಿ. ಅಲ್ಲಿ ನೀವು ಓದಿದ್ದು ಹೇಗೂ ಕಾಣುತ್ತದೆ, ಹಾಗಾಗಿ ಅದೇ ದಿನ ಮಾಡಿ.

ಉತ್ತರವನ್ನು ಓದುವುದು

ಇಲ್ಲ ಅಂದ ಮೇಲೆ ನೀಲಿ ಟಿಕ್ಕು ನಿಮ್ಮ ಕಡೆ ತಿರುಗುತ್ತದೆ. ಈಗ ಕಾಯುವವರು ನೀವು. ಅಣ್ಣ 4:10ಕ್ಕೆ ಓದಿದ, ಸಂಜೆಯತನಕ ಏನೂ ಇಲ್ಲ. ನಾನು ಹತ್ತು ಸಲ ತೆರೆದು ನೋಡಿದೆ. ಇಲ್ಲಿ ಇನ್ನೊಂದು ಮೆಸೇಜು ಹಾಕುವ ಆಸೆ ಬರುತ್ತದೆ, "ಅಣ್ಣಾ ಸಿಟ್ಟಾದಿ?" ಅಂತ. ಹಾಕಬೇಡಿ. ಅವನಿಗೂ ನುಂಗಿಕೊಳ್ಳಲು ಹೊತ್ತು ಬೇಕು. ಫೋನ್ ಮಾಡುತ್ತೇನೆ ಅಂದ ಹೊತ್ತಿಗೆ ಮಾಡಿ, ಅದರ ನಡುವೆ ಸುಮ್ಮನಿರಿ.

ಬರುವ ಉತ್ತರ ಚಿಕ್ಕದೇ ಇರುತ್ತದೆ. ನಮ್ಮ ಕಡೆ "ಆತು" ಅಂದರೆ ತಿಳಿಯಿತು. "ಆತಪಾ" ಅಂದರೆ ತಿಳಿಯಿತು, ಬೇಜಾರಿಲ್ಲ. "ಆತ್ ಬಿಡು" ಅಂದರೆ ಬೇಜಾರಾಗಿದೆ. ಬರೀ 👍 ಬಂದರೆ ಅದನ್ನು "ಆತ್ ಬಿಡು" ಪಕ್ಕದಲ್ಲಿಟ್ಟು ನೋಡಿ. ಯಾವಾಗಲೂ ಬರೀ 👍 ಹಾಕುವವನಾದರೆ ಚಿಂತೆಯಿಲ್ಲ. ಯಾವಾಗಲೂ ಉದ್ದ ಬರೆಯುವವನು ಹಾಕಿದರೆ ಬೇಜಾರಾಗಿದೆ ಅಂತ ತಿಳಿಯಬೇಕು. ಹಳೆಯ ಚಾಟ್ ಮೇಲಕ್ಕೆ ಸರಿಸಿ ನೋಡಿದರೆ ಗೊತ್ತಾಗುತ್ತದೆ.

ನನಗೆ ಬಂದದ್ದು "ಆತ್ ಬಿಡು ತಮ್ಮಾ." ಸಂಜೆ ಫೋನ್ ಮಾಡಿದೆ, ಎತ್ತಲಿಲ್ಲ. ಎರಡನೇ ಸಲ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು, ಬೆಳಿಗ್ಗೆ 6:15ಕ್ಕೆ, ಅವನು ಬಳಗಕ್ಕೆಲ್ಲ ದಿನಾ ಕಳಿಸುವ ಶುಭೋದಯದ ಚಿತ್ರ ನನಗೂ ಬಂತು. ನಡುವಿನ ನಾಲ್ಕು ದಿನ ನನಗೆ ಬಂದಿರಲಿಲ್ಲ. ಕೂಡಲೇ ತೆರೆದೆ. ಅವನ ಕಡೆ ನೀಲಿ ಬಿದ್ದಿರಬೇಕು. ಕೆಳಗೆ ಒಂದು 🙏 ಒತ್ತಿ, ಹಲ್ಲುಜ್ಜಲು ಹೋದೆ.